ಒಂದು ರೂಪಾಯಿ ಬಡ್ಡಿ ಹಿಂದೆ ಎಷ್ಟು ಸಾಲ ಮುಳುಗಿವೆ: ಪಿ2ಪಿ, ಹೆಚ್ಚು ಬಡ್ಡಿ ಬಾಂಡ್ ಎರಡನ್ನೂ ಅಳೆಯೋ ಕ್ರಮ

ಹೋದ ತಿಂಗಳು ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದ್ರು. ರಾಶಿ ಅಡಿಕೆ ಮಾರಿದ ದುಡ್ಡಲ್ಲಿ ಮೂರು ಲಕ್ಷ ಹಂಗೇ ಎಸ್‌ಬಿ ಅಕೌಂಟಲ್ಲಿ ಕೂತಿದೆ, ಮೊಬೈಲಲ್ಲಿ ಒಂದು ಬಾಂಡ್ ತೋರಿಸ್ತಿದೆ, 13 ಪರ್ಸೆಂಟ್ ಅಂತೆ, ಸೆಕ್ಯೂರ್ಡ್ ಅಂತೆ, ಎರಡೇ ವರ್ಷ, "ಹಾಕ್ಲಾ ಮಾರಾಯ, ನೀನು ಆ ಆನ್‌ಲೈನ್ ಸಾಲದಲ್ಲಿ ಹಾಕಿದ್ಯಲ್ಲ, ಅದೇ ಥರಾನಾ ಇದು?" ಅಂತ ಕೇಳಿದ್ರು. "ಭಾವ, ಒಂದು ವಾರ ತಡೀರಿ, ಲೆಕ್ಕ ಹಾಕಿ ಹೇಳ್ತೀನಿ" ಅಂದೆ. ಆ ವಾರ ನಾನು ಹಾಕಿದ ಲೆಕ್ಕಾನೇ ಇಲ್ಲಿ ಬರೀತಿರೋದು. ನಾನು ಆ ಆನ್‌ಲೈನ್ ಸಾಲದಲ್ಲಿ, ಅಂದ್ರೆ ಪಿ2ಪಿಯಲ್ಲಿ, ಹಾಕಿದಾಗ ಈ ಲೆಕ್ಕ ಯಾವುದನ್ನೂ ಮಾಡಿರ್ಲಿಲ್ಲ, ಅದರಿಂದ ಏನಾಯ್ತು ಅಂತಾನೂ ಮಧ್ಯದಲ್ಲಿ ಹೇಳ್ತೀನಿ.

ಪಿ2ಪಿ ಅಂದ್ರೆ ಗೊತ್ತಿಲ್ಲದೋರಿಗೆ ಎರಡು ಮಾತು. ಒಂದು ಆ್ಯಪ್ ಮಧ್ಯ ನಿಂತು ನಿಮ್ಮ ದುಡ್ಡನ್ನ ಸಣ್ಣ ಸಣ್ಣ ಚೂರು ಮಾಡಿ ನೂರಾರು ಜನಕ್ಕೆ ಸಾಲ ಕೊಡ್ಸುತ್ತೆ. ಸಾಲ ಕೊಡೋರು ನೀವು, ಆ್ಯಪ್ ಅಲ್ಲ. 2017ರಲ್ಲಿ ಆರ್‌ಬಿಐ ಇದಕ್ಕೆ ನಿಯಮ ಮಾಡ್ತು. ಒಬ್ಬ ಒಬ್ಬನಿಗೆ 50,000ಕ್ಕಿಂತ ಜಾಸ್ತಿ ಕೊಡೋ ಹಂಗಿಲ್ಲ, ಅವಧಿ 36 ತಿಂಗಳು ಮೀರೋ ಹಂಗಿಲ್ಲ, ಸಾಲಕ್ಕೆ ಅಡಮಾನ ಏನೂ ಇರಲ್ಲ. ಬಾಂಡ್ ಅಂದ್ರೆ ನೀವು ಒಂದೇ ಕಂಪನಿಗೆ ಕೊಡೋ ಸಾಲ. ಬ್ಯಾಂಕ್ ಡೆಪಾಸಿಟ್‌ಗೆ 5 ಲಕ್ಷದವರೆಗೆ ಇರೋ ಇನ್ಶೂರೆನ್ಸ್ ಇದಕ್ಕೂ ಇಲ್ಲ, ಬಾಂಡಿಗೂ ಇಲ್ಲ.

ಹೆಜ್ಜೆ 1: ಬಡ್ಡಿ ದರವನ್ನ ರೂಪಾಯಿಗೆ ಇಳಿಸಿ

ನಮ್ಮ ಕಡೆ ಯಾರೂ 24 ಪರ್ಸೆಂಟ್ ಅನ್ನಲ್ಲ, ಎರಡು ರೂಪಾಯಿ ಬಡ್ಡಿ ಅಂತಾರೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಹಂಗೆ ಹೇಳಿದ ಕೂಡ್ಲೇ ಕೇಳಿದೋರಿಗೆ ಸಾಲ ತಗೊಂಡೋನು ಎಂಥ ಸ್ಥಿತಿಯಲ್ಲಿದ್ದಾನೆ ಅಂತ ಅಂದಾಜಾಗುತ್ತೆ. ಆ್ಯಪಲ್ಲಿ ಅದೇ ದರ ಹಸಿರು ಅಕ್ಷರದಲ್ಲಿ ಕಂಡಾಗ ಆ ಅಂದಾಜು ಹೋಗ್ಬಿಡುತ್ತೆ, ಅದಕ್ಕೆ ಮೊದ್ಲು ವಾಪಸ್ ನಮ್ಮ ಭಾಷೆಗೆ ತನ್ನಿ. ಎರಡು ರೂಪಾಯಿ ಬಡ್ಡಿಗೆ, ಅಡಮಾನ ಇಲ್ಲದೆ, ಮುಖ ನೋಡಿರದ ನೂರು ಜನಕ್ಕೆ ಸಾಲ. ನೀವು ಕೊಡ್ತಿರೋದು ಅದು.

ಈಗ ಲೆಕ್ಕ. ಒಂದು ಲಕ್ಷ ಹಾಕಿದ್ರಿ, ನೂರು ಸಾಲ, ಒಂದೊಂದು ಸಾವಿರದ್ದು, ಹನ್ನೆರಡು ಕಂತು, ವರ್ಷಕ್ಕೆ 24% ದರ. ಒಂದು ಸಾಲದ ಕಂತು 94 ರೂಪಾಯಿ 56 ಪೈಸೆ ಆಗುತ್ತೆ. ಹನ್ನೆರಡೂ ಬಂದ್ರೆ 1,134 ರೂಪಾಯಿ 72 ಪೈಸೆ. ಅಂದ್ರೆ ಬಡ್ಡಿ 240 ಅಲ್ಲ, ಬರೀ 135ರ ಹತ್ರ. ಯಾಕಂದ್ರೆ ಪ್ರತಿ ಕಂತಲ್ಲೂ ಅಸಲು ಸ್ವಲ್ಪ ಸ್ವಲ್ಪ ವಾಪಸ್ ಬರ್ತಾ ಇರುತ್ತೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ನೂರು ಸಾಲಕ್ಕೆ ಒಟ್ಟು ಹತ್ರಹತ್ರ 13,470 ರೂಪಾಯಿ, ಅದೂ ಒಬ್ಬನೂ ತಪ್ಪಿಸದೆ ಕಟ್ಟಿದ್ರೆ. ವಾಪಸ್ ಬಂದ ಕಂತಿನ ದುಡ್ಡನ್ನ ಮತ್ತೆ ಸಾಲ ಕೊಟ್ಟಿದ್ರೆ ಜಾಸ್ತಿ ಆಗುತ್ತೆ ನಿಜ, ಆದ್ರೆ ಆವಾಗ ಮತ್ತೊಂದಿಷ್ಟು ಗುರುತಿಲ್ಲದ ಜನಕ್ಕೆ ಸಾಲ ಕೊಟ್ಟಂಗೂ ಆಗುತ್ತೆ, ಮುಳುಗೋ ಅವಕಾಶಾನೂ ಜೊತೆಗೇ ಬೆಳೆಯುತ್ತೆ.

ಹೆಜ್ಜೆ 2: ಎಷ್ಟು ಸಾಲ ಮುಳುಗಿದ್ರೂ ತಡ್ಕೋಬಹುದು ಅಂತ ಮೊದಲೇ ಲೆಕ್ಕ ಹಾಕಿ

ಈ ಲೆಕ್ಕ ಯಾವ ಆ್ಯಪೂ ತೋರಿಸಲ್ಲ, ಆದ್ರೆ ಇಡೀ ವಿಷಯದ ಬೇರು ಇದೇ. ಒಂದು ಸಾಲ ಮೂರು ಕಂತು ಕಟ್ಟಿ ನಿಂತೋಯ್ತು ಅಂದ್ಕೊಳ್ಳಿ. ಬಂದಿದ್ದು 284 ರೂಪಾಯಿ, ಬರಬೇಕಿದ್ದಿದ್ದು 1,135. ನಿಂತ ಒಂದೊಂದು ಸಾಲಕ್ಕೂ ನಿಮ್ಮ ಲೆಕ್ಕದಿಂದ 851 ರೂಪಾಯಿ ಹೋಗುತ್ತೆ. ಒಟ್ಟು ಬಡ್ಡಿ 13,470. ಭಾಗಿಸಿದ್ರೆ ಹದಿನಾರರ ಹತ್ರ ಬರುತ್ತೆ. ಅಂದ್ರೆ ನೂರರಲ್ಲಿ ಹದಿನಾರು ಸಾಲ ಮುಳುಗಿದ್ರೆ ವರ್ಷವಿಡೀ ಮಾಡಿದ್ದೆಲ್ಲಾ ಸೊನ್ನೆ.

ಆದ್ರೆ ಸೊನ್ನೆಗೆ ಯಾರೂ ದುಡ್ಡು ಹಾಕಲ್ಲ. ಪ್ಲಾಟ್‌ಫಾರ್ಮಿನ ಫೀಸು 2,000 ಅಂತ ಇಟ್ಕೊಳ್ಳಿ. ಜೊತೆಗೆ ಅದೇ ದುಡ್ಡು ಎಫ್‌ಡಿಯಲ್ಲಿ 7 ಪರ್ಸೆಂಟ್‌ಗೆ ಇದ್ದಿದ್ರೆ ಏನು ಬರ್ತಿತ್ತು ಅನ್ನೋದನ್ನೂ ಕಳೀಬೇಕು. ಕಂತಲ್ಲಿ ಅಸಲು ಇಳಿತಾ ಹೋಗೋದ್ರಿಂದ ವರ್ಷದಲ್ಲಿ ಸರಾಸರಿ ಸಾಲದಲ್ಲಿ ಇದ್ದಿದ್ದು 56,000 ಚಿಲ್ಲರೆ ಮಾತ್ರ, ಅದಕ್ಕೆ 7 ಪರ್ಸೆಂಟ್ ಅಂದ್ರೆ 3,930. ಎರಡನ್ನೂ ಕಳೆದ್ರೆ ಉಳಿಯೋದು 7,540. ಅದನ್ನ 851ರಿಂದ ಭಾಗಿಸಿ: ಒಂಬತ್ತಕ್ಕೆ ಒಂಚೂರು ಕಮ್ಮಿ. ನೂರರಲ್ಲಿ ಒಂಬತ್ತು ಮುಳುಗಿದ್ರೆ ಎರಡು ರೂಪಾಯಿ ಬಡ್ಡಿ ಸಾಲಾನೂ ಎಫ್‌ಡೀನೂ ಒಂದೇ.

ಇನ್ನು ಟ್ಯಾಕ್ಸ್. ಬಂದ ಬಡ್ಡಿ ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತೆ, ಆದ್ರೆ ಮುಳುಗಿದ ಅಸಲನ್ನ ಆ ಬಡ್ಡಿಯಿಂದ ಕಳೆಯೋಕೆ ಲೇವಾದೇವಿ ವ್ಯವಹಾರ ಅಂತ ತೋರಿಸದ ಸಾಮಾನ್ಯ ಮನುಷ್ಯನಿಗೆ ದಾರಿ ಸಿಗೋದು ಕಷ್ಟ, ನಿಮ್ಮ ಆಡಿಟರ್ ಹತ್ರ ಒಂದ್ಸಲ ಕೇಳ್ಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ಒಂಬತ್ತು ಮುಳುಗಿದಾಗ ಕೈಗೆ ಬಂದ ಬಡ್ಡಿ 12,760, ಹೋದ ಅಸಲು 6,950. 20 ಪರ್ಸೆಂಟ್ ಸ್ಲ್ಯಾಬಲ್ಲಿದ್ರೆ ಟ್ಯಾಕ್ಸ್ 2,550, ಫೀಸು 2,000, ಎಲ್ಲಾ ಕಳೆದು ಉಳಿಯೋದು 1,260. ಎಫ್‌ಡಿಯಲ್ಲಿ ಟ್ಯಾಕ್ಸ್ ಕಳೆದು 3,140 ಉಳೀತಿತ್ತು. ಅಂದ್ರೆ ಟ್ಯಾಕ್ಸ್ ಕಟ್ಟೋರಿಗೆ ಆ ಒಂಬತ್ತು ಅನ್ನೋ ಗೆರೆ ಇನ್ನೂ ಕೆಳಗೆ ಇಳಿಯುತ್ತೆ, ಏಳರ ಹತ್ರಕ್ಕೆ.

ಈ ಒಂದು ಸಂಖ್ಯೆಯನ್ನ ಒಂದು ಚೀಟಿ ಮೇಲೆ ಬರೆದಿಟ್ಕೊಳ್ಳಿ. ದರ ಬೇರೆ ಆದ್ರೆ ಸಂಖ್ಯೇನೂ ಬೇರೆ ಆಗುತ್ತೆ, ಅವಧಿ ಬೇರೆ ಆದ್ರೂ ಅಷ್ಟೇ, ಆದ್ರೆ ಲೆಕ್ಕದ ಕ್ರಮ ಇದೇ. ಮುಂದಿನ ಹೆಜ್ಜೆಯಲ್ಲಿ ನಿಜವಾಗ್ಲೂ ಎಷ್ಟು ಮುಳುಗ್ತಿವೆ ಅಂತ ಹುಡುಕಿ ಈ ಸಂಖ್ಯೆ ಪಕ್ಕ ಇಡಬೇಕು.

ಹೆಜ್ಜೆ 3: ಅವರು ಹೇಳೋ ಎನ್‌ಪಿಎ ಸಂಖ್ಯೆಯ ಕೆಳಗೆ ಏನಿದೆ ನೋಡಿ

ಪ್ಲಾಟ್‌ಫಾರ್ಮು "ನಮ್ಮ ಎನ್‌ಪಿಎ 2% ಒಳಗೆ" ಅಂತ ಹಾಕಿರುತ್ತೆ, ಅಂದ್ರೆ ಕಂತು ನಿಂತೋದ ಸಾಲ ನೂರಕ್ಕೆ ಎರಡೂ ಇಲ್ಲ ಅಂತ. ಸುಳ್ಳು ಹೇಳ್ತಿರಬೇಕು ಅಂತೇನಿಲ್ಲ, ಲೆಕ್ಕ ಸರಿಯಾಗೇ ಇರಬಹುದು, ಆದ್ರೂ ಆ ಸಂಖ್ಯೆ ನಿಮಗೆ ಬೇಕಾದ್ದನ್ನ ಹೇಳ್ತಿರಲ್ಲ.

ತೋಟದ ಉದಾಹರಣೆ ತಗೊಳ್ಳಿ. ನಿಮ್ಮದು ಸಾವಿರ ಮರದ ಹಳೇ ತೋಟ, ಅದರಲ್ಲಿ ಎಂಬತ್ತು ಮರ ಸುಳಿ ಒಣಗಿ ಸತ್ತಿವೆ. ನೂರಕ್ಕೆ ಎಂಟು. ಈ ಮಳೆಗಾಲ ಪಕ್ಕದ ಗದ್ದೆಗೆ ನಾಲ್ಕು ಸಾವಿರ ಹೊಸ ಸಸಿ ಇಟ್ರಿ. ಈಗ ಯಾರಾದ್ರೂ "ಐದು ಸಾವಿರದಲ್ಲಿ ಬರೀ ಎಂಬತ್ತು ಸತ್ತಿದೆ, ನೂರಕ್ಕೆ ಎರಡೂ ಆಗಲ್ಲ" ಅಂದ್ರೆ ಲೆಕ್ಕ ತಪ್ಪಲ್ಲ, ಆದ್ರೆ ನಿಮ್ಮ ಮಣ್ಣಲ್ಲಿ ರೋಗ ಎಷ್ಟಿದೆ ಅಂತ ಅದ್ರಿಂದ ತಿಳಿಯಲ್ಲ. ಸಸಿಗಿನ್ನೂ ಸಾಯೋಕೆ ಟೈಮೇ ಸಿಕ್ಕಿಲ್ಲ.

ಸಾಲದಲ್ಲೂ ಹಂಗೇ. ಕಂತು ತಪ್ಪಿ 90 ದಿನ ದಾಟಿದ್ಮೇಲೇ ಎನ್‌ಪಿಎ ಅಂತ ಲೆಕ್ಕಕ್ಕೆ ಬರೋದು. ಹೋದ ತಿಂಗಳು ಕೊಟ್ಟ ಸಾಲ ಎಷ್ಟೇ ಕೆಟ್ಟದಾಗಿದ್ರೂ ಇವತ್ತು ಎನ್‌ಪಿಎ ಆಗೋಕೆ ಸಾಧ್ಯಾನೇ ಇಲ್ಲ. ಒಂದು ಪ್ಲಾಟ್‌ಫಾರ್ಮು ವರ್ಷದ ಹಿಂದೆ 10 ಕೋಟಿ ಸಾಲ ಕೊಡಿಸಿ ಅದರಲ್ಲಿ 80 ಲಕ್ಷ ಮುಳುಗಿದ್ರೆ ನಿಜವಾದ ಸಾವು 8%. ಕಳೆದ ಮೂರು ತಿಂಗಳಲ್ಲಿ ಜಾಹೀರಾತು ಕೊಟ್ಟು ಹೊಸದಾಗಿ 40 ಕೋಟಿ ಕೊಡಿಸಿದ್ರೆ, 50 ಕೋಟಿಗೆ 80 ಲಕ್ಷ ಅಂದ್ರೆ 1.6%. ಅದನ್ನೇ ಹಾಕ್ತಾರೆ. ನಮ್ಮ ಗೆರೆ ಒಂಬತ್ತು ಅಂತ ಇಟ್ಕೊಂಡೋರಿಗೆ 1.6 ನೋಡಿದ್ರೆ ಬೇಕಾದಷ್ಟು ಜಾಗ ಇದೆ ಅನ್ಸುತ್ತೆ, ನಿಜದಲ್ಲಿ ಅಂಚಲ್ಲಿ ನಿಂತಿದೀವಿ. ಇದರಲ್ಲಿ ಇನ್ನೊಂದು ವಿಷಯ ಇದೆ: ಜೋರಾಗಿ ಬೆಳೀತಿರೋ ತನಕ ಸಂಖ್ಯೆ ಚೆನ್ನಾಗೇ ಕಾಣುತ್ತೆ, ಬೆಳವಣಿಗೆ ನಿಂತ ವರ್ಷ ಒಮ್ಮೆಲೇ ಮೇಲಕ್ಕೆ ಹೋಗುತ್ತೆ, ಆಗ ಜನ "ಇದ್ದಕ್ಕಿದ್ದಂಗೆ ಕೆಡ್ತು" ಅಂತಾರೆ, ಆದ್ರೆ ಅದು ಮೊದ್ಲಿಂದ್ಲೂ ಅಷ್ಟೇ ಕೆಟ್ಟಿರುತ್ತೆ.

ಅದಕ್ಕೆ ಕೇಳಬೇಕಾದ್ದು ಒಟ್ಟು ಎನ್‌ಪಿಎ ಎಷ್ಟು ಅಂತಲ್ಲ. "2024ರ ಜನವರಿಯಿಂದ ಮಾರ್ಚ್ ಒಳಗೆ ಕೊಟ್ಟ ಸಾಲದಲ್ಲಿ ಇವತ್ತಿಗೆ ಎಷ್ಟು ಅಸಲು 90 ದಿನ ದಾಟಿ ನಿಂತಿದೆ?" ಅಂತ, ಕೊಟ್ಟ ಕಾಲ ಹಿಡಿದು ಕೇಳ್ಬೇಕು. 2024ರ ಆಗಸ್ಟಲ್ಲಿ ಆರ್‌ಬಿಐ ನಿಯಮ ಬಿಗಿ ಮಾಡಿದಾಗ ಎನ್‌ಪಿಎ ಎಷ್ಟು, ಸಾಲ ಕೊಟ್ಟೋರಿಗೆ ಆದ ನಷ್ಟ ಎಷ್ಟು ಅನ್ನೋದನ್ನ ಪ್ಲಾಟ್‌ಫಾರ್ಮು ತಿಂಗಳು ತಿಂಗಳು ವೆಬ್‌ಸೈಟಲ್ಲಿ ಹಾಕ್ಬೇಕು ಅಂತ ಹೇಳಿದೆ. ಆ ಪುಟ ಹುಡುಕಿ. ಸಾಮಾನ್ಯವಾಗಿ ಕೆಳಗಡೆ ಸಣ್ಣ ಅಕ್ಷರದಲ್ಲಿರುತ್ತೆ. ಆರು ತಿಂಗಳದ್ದು ಇಳಿಸ್ಕೊಂಡು ಒಂದರ ಪಕ್ಕ ಒಂದು ಇಟ್ಟು ನೋಡಿ, ಒಂದೇ ತಿಂಗಳದ್ದು ನೋಡಿದ್ರೆ ಏನೂ ತಿಳಿಯಲ್ಲ.

ಹೆಜ್ಜೆ 4: ಈಗಾಗ್ಲೇ ಹಾಕಿದ್ರೆ ನಿಮ್ಮದೇ ಸ್ಟೇಟ್‌ಮೆಂಟ್ ತೆಗೆದು ಅಳೀರಿ

ಡ್ಯಾಶ್‌ಬೋರ್ಡಲ್ಲಿ ಕಾಣೋ ರಿಟರ್ನ್ ನಂಬಬೇಡಿ, ಅದರಲ್ಲಿ ಬರಬೇಕಾದ ಬಡ್ಡೀನೂ ಬಂದಂಗೇ ಸೇರಿರಬಹುದು. ಸಾಲದ ಪಟ್ಟಿಯನ್ನ ಎಕ್ಸೆಲ್ ಫೈಲಾಗಿ ಇಳಿಸ್ಕೊಳ್ಳಿ. ಬಿ ಕಾಲಮಲ್ಲಿ ಸಾಲ ಕೊಟ್ಟ ದಿನಾಂಕ, ಸಿಯಲ್ಲಿ ಕೊಟ್ಟ ಮೊತ್ತ, ಎಫ್‌ನಲ್ಲಿ ಉಳಿದ ಅಸಲು, ಜಿಯಲ್ಲಿ ಕಂತು ತಪ್ಪಿ ಎಷ್ಟು ದಿನ ಆಯ್ತು ಅಂತ ಇಟ್ಕೊಂಡ್ರೆ, 2025ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಟ್ಟ ಸಾಲದಲ್ಲಿ ಎಷ್ಟು ಭಾಗ ಸತ್ತಿದೆ ಅಂತ ಇದು ಹೇಳುತ್ತೆ:

```
=SUMIFS(F:F,B:B,"<"&DATE(2025,4,1),G:G,">90")
 /SUMIFS(C:C,B:B,"<"&DATE(2025,4,1))
```

ದಿನಾಂಕವನ್ನ ಇವತ್ತಿಂದ ಕನಿಷ್ಠ ಆರೇಳು ತಿಂಗಳು ಹಿಂದಕ್ಕೆ ಇಡಿ, ಇಲ್ಲಾಂದ್ರೆ ಸಸಿಗಳೂ ಲೆಕ್ಕಕ್ಕೆ ಸೇರ್ಕೊಳ್ತವೆ. ಇನ್ನೊಂದು ಎಚ್ಚರಿಕೆ, ರೈಟ್ ಆಫ್ ಮಾಡಿದ, ಅಂದ್ರೆ ಇನ್ನು ಬರಲ್ಲ ಅಂತ ಲೆಕ್ಕದಿಂದ ಬಿಟ್ಟ ಸಾಲಗಳನ್ನ ಕೆಲವು ಪಟ್ಟಿಯಿಂದ್ಲೇ ತೆಗೆದಿರ್ತಾರೆ, ಅದಕ್ಕೆ ನೀವು ಕೊಟ್ಟ ಒಟ್ಟು ಸಾಲದ ಸಂಖ್ಯೆಗೂ ಪಟ್ಟಿಯಲ್ಲಿರೋ ಸಾಲುಗಳ ಎಣಿಕೆಗೂ ತಾಳೆ ಮಾಡ್ಲೇಬೇಕು.

ಎರಡನೇದು, ನಿಜವಾದ ಗಳಿಕೆ. ಎ ಕಾಲಮಲ್ಲಿ ದಿನಾಂಕ, ಬಿ ಕಾಲಮಲ್ಲಿ ನಿಮ್ಮ ಬ್ಯಾಂಕ್ ಅಕೌಂಟಿಂದ ಹೋಗಿದ್ದನ್ನ ಮೈನಸ್ ಆಗಿ, ಬ್ಯಾಂಕಿಗೆ ವಾಪಸ್ ಬಂದಿದ್ದನ್ನ ಪ್ಲಸ್ ಆಗಿ ಬರೀರಿ. ಆ್ಯಪಿನ ಒಳಗೇ ತಿರುಗಿದ ದುಡ್ಡು ಬೇಡ. ಕೊನೇ ಸಾಲಲ್ಲಿ ಇವತ್ತಿನ ದಿನಾಂಕ ಹಾಕಿ ಉಳಿದ ಅಸಲು, 90 ದಿನ ದಾಟಿದ್ದಕ್ಕೆ ಸೊನ್ನೆ ಅಂತ ಹಿಡಿದು, 40ರ ಜಾಗಕ್ಕೆ ನಿಮ್ಮ ಕೊನೇ ಸಾಲಿನ ನಂಬರ್ ಹಾಕಿ:

```
=XIRR(B2:B40,A2:A40)
```

ನಂದು ಹೇಳ್ತೀನಿ. 2022ರ ನವೆಂಬರಲ್ಲಿ ಎರಡು ಲಕ್ಷ ಹಾಕಿದ್ದೆ. ಒಂದು ರೂಪಾಯಿ ಬಡ್ಡಿ, ಯಾವಾಗ ಬೇಕಾದ್ರೂ ತೆಗೀಬಹುದು ಅಂದಿದ್ರು. ಮಧ್ಯದಲ್ಲಿ ಒಂದ್ಸಲ ಹತ್ತು ಸಾವಿರ ತೆಗೆದು ಮತ್ತೆ ಹಾಕಿದ್ದೆ, ಒಂದೇ ದಿನದಲ್ಲಿ ಬಂದಿತ್ತು, ಅದರಿಂದ್ಲೇ ಧೈರ್ಯ ಬಂದಿದ್ದು. ಆದ್ರೆ ಅಷ್ಟು ಬೇಗ ಬಂದಿದ್ದು ಹೆಂಗೆ ಅಂತ ಕೇಳ್ಕೊಳ್ಲಿಲ್ಲ. ಸಾಲ ತಗೊಂಡೋರು ಕಂತು ಕಟ್ಟೋದು ತಿಂಗಳಿಗೊಂದ್ಸಲ, ನನಗೆ ಒಂದು ದಿನದಲ್ಲಿ ಕೊಡಬೇಕು ಅಂದ್ರೆ ಇನ್ಯಾರೋ ಹೊಸಬ ಹಾಕಿದ ದುಡ್ಡನ್ನೇ ನನಗೆ ಕೊಟ್ಟು ನನ್ನ ಸಾಲದ ಪಾಲನ್ನ ಅವನ ಹೆಸರಿಗೆ ಮಾಡಿರಬೇಕು. ಹೊಸಬರು ಬರೋ ತನಕ ನಡೆಯುತ್ತೆ, ಮುಳುಗಿದ ಸಾಲಾನೂ ಯಾರ ಕಣ್ಣಿಗೂ ಬೀಳದೆ ಕೈ ಬದಲಾಯಿಸ್ತಾ ಇರುತ್ತೆ. 2024ರ ಆಗಸ್ಟ್ 16ಕ್ಕೆ ಆರ್‌ಬಿಐ, ಪಿ2ಪಿಯನ್ನ ಖಚಿತ ರಿಟರ್ನ್ ಇರೋ, ಬೇಕಾದಾಗ ತೆಗೆಯೋ ಹೂಡಿಕೆ ಅಂತ ಮಾರೋ ಹಂಗಿಲ್ಲ, ನಷ್ಟ ಪೂರ್ತಿ ಸಾಲ ಕೊಟ್ಟೋರದ್ದೇ, ಪ್ಲಾಟ್‌ಫಾರ್ಮು ಅದನ್ನ ಹೊರೋ ಹಂಗಿಲ್ಲ ಅಂತ ಸ್ಪಷ್ಟ ಮಾಡ್ತು.

ಸೆಪ್ಟೆಂಬರಲ್ಲಿ ಮಗಳ ಕಾಲೇಜು ಫೀಸಿಗೆ ಅಂತ ತೆಗೆಯೋಕೆ ಹೋದಾಗ ಸ್ಕ್ರೀನಲ್ಲಿ 2,48,000 ಅಂತ ಇತ್ತು. ಕಂತು ಬಂದಂಗೆ ಬರುತ್ತೆ ಅಂದ್ರು. ಹದಿನಾಲ್ಕು ತಿಂಗಳಲ್ಲಿ ಒಟ್ಟು ಬಂದಿದ್ದು 1,87,000. ಉಳಿದ 61,000ದಲ್ಲಿ ಹೆಚ್ಚಿನದ್ದು 90 ದಿನ ಯಾವಾಗ್ಲೋ ದಾಟಿದೆ. XIRR ಹಾಕಿದ್ರೆ ವರ್ಷಕ್ಕೆ ಮೈನಸ್ 3 ಪರ್ಸೆಂಟಿನ ಹತ್ರ. ಫೀಸು ಆ ಸಲ ಸೊಸೈಟಿ ಸಾಲದಲ್ಲಿ ಕಟ್ಟಿದ್ವಿ. ಸ್ಕ್ರೀನಲ್ಲಿ 12 ಪರ್ಸೆಂಟ್ ಅಂತ ಎರಡು ವರ್ಷ ನೋಡಿದ್ದು, ಕೈಗೆ ಬಂದಿದ್ದು ಅಸಲಿಗಿಂತ 13,000 ಕಮ್ಮಿ, ಎರಡೂ ಒಂದೇ ದುಡ್ಡಿನ ಲೆಕ್ಕ.

ಹೆಜ್ಜೆ 5: ನೂರು ಜನಕ್ಕೆ ಹಂಚಿದೀನಿ ಅನ್ನೋ ಸಮಾಧಾನವನ್ನ ಪರೀಕ್ಷೆ ಮಾಡಿ

ನೂರು ಚೂರು ಮಾಡಿದ್ರೆ ರಿಸ್ಕ್ ಕಮ್ಮಿ ಅನ್ನೋದು ಅರ್ಧ ಸತ್ಯ. ಒಂದು ಮರಕ್ಕೆ ಸಿಡಿಲು ಹೊಡೆದ್ರೆ ಪಕ್ಕದ ಮರಕ್ಕೆ ಏನೂ ಆಗ್ದೇ ಇರಬಹುದು, ಅಂಥ ಅಪಾಯಕ್ಕೆ ಜಾಸ್ತಿ ಮರ ಇದ್ದಷ್ಟೂ ಒಳ್ಳೇದು. ಅಡಿಕೆಗೆ ಬರೋ ಕೊಳೆ ರೋಗ ಹಂಗಲ್ಲ. ಜುಲೈಯಲ್ಲಿ ಬಿಡದೆ ಮಳೆ ಹಿಡಿದು ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋಕೆ ಬಿಡುವೇ ಸಿಗ್ಲಿಲ್ಲ ಅಂದ್ರೆ ಇಡೀ ತೋಟದ ಕಾಯಿ ಒಟ್ಟಿಗೇ ಉದುರುತ್ತೆ, ನಿಮ್ಮ ತೋಟದಲ್ಲಿ ನೂರು ಮರ ಇದ್ರೂ ಅಷ್ಟೇ, ಸಾವಿರ ಇದ್ರೂ ಅಷ್ಟೇ.

ಅಡಮಾನ ಇಲ್ಲದ ಸಣ್ಣ ಸಾಲಕ್ಕೆ ಬರೋದು ಹೆಚ್ಚಾಗಿ ಕೊಳೆ ಥರದ ರೋಗ. ಒಬ್ಬನೇ ಮನುಷ್ಯ ನಾಲ್ಕು ಆ್ಯಪಲ್ಲಿ ಸಾಲ ಮಾಡಿರ್ತಾನೆ, ಒಂದರಿಂದ ತಗೊಂಡು ಇನ್ನೊಂದಕ್ಕೆ ಕಟ್ತಿರ್ತಾನೆ. ಹೊಸ ಸಾಲ ಸಿಗೋದು ನಿಂತ ದಿನ ನಾಲ್ಕೂ ಒಟ್ಟಿಗೇ ನಿಲ್ಲುತ್ತೆ, ಅಂಥೋರು ಸಾವಿರಾರು ಜನ ಒಂದೇ ತಿಂಗಳಲ್ಲಿ ನಿಲ್ತಾರೆ. ನಮ್ಮ ರಾಜ್ಯದಲ್ಲೇ ಕಂಡಿದೀವಿ. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ದೂರುಗಳು ಜಾಸ್ತಿ ಆಗಿ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಕಿರುಕುಳ ತಪ್ಪಲೇಬೇಕಿತ್ತು, ವಾರದ ಕಂತಿಗೆ ಹೆದರಿ ಮನೆ ಬಾಗಿಲು ಹಾಕ್ಕೊಂಡು ಕೂತ ಹೆಣ್ಮಕ್ಕಳನ್ನ ನಾನೇ ನೋಡಿದೀನಿ. ಆದ್ರೆ ಸಾಲ ಕೊಟ್ಟ ಕಂಪನಿಗಳ ಕಡೆಯಿಂದ ನೋಡಿದ್ರೆ ಆ ತಿಂಗಳುಗಳಲ್ಲಿ ಕರ್ನಾಟಕದ ವಸೂಲಿ ಒಟ್ಟಿಗೇ ಇಳೀತು, ಚೆನ್ನಾಗಿ ಕಟ್ತಿದ್ದ ಊರುಗಳಲ್ಲೂ ಇಳೀತು. ಆದ್ದರಿಂದ ಹೆಜ್ಜೆ 2ರಲ್ಲಿ ಸಿಕ್ಕ ಗೆರೆಯನ್ನ ಸಾಧಾರಣ ವರ್ಷದ ಸಾವಿನ ಜೊತೆ ಹೋಲಿಸಿದ್ರೆ ಸಾಲದು, ಅದು ದುಪ್ಪಟ್ಟಾದ ವರ್ಷವನ್ನೂ ತಡೆಯುತ್ತಾ ಅಂತ ನೋಡಿ. 8 ಇದ್ದಿದ್ದು 16 ಆದ್ರೆ ಏನಾಗುತ್ತೆ ಅಂತ ಮೇಲೇ ಲೆಕ್ಕ ಇದೆ.

ಹೆಜ್ಜೆ 6: ಬಾಂಡಿಗೂ ಇದೇ ತಕ್ಕಡಿ, ಆದ್ರೆ ಇಲ್ಲಿ ಮರ ಒಂದೇ

ಈಗ ಭಾವನ ಬಾಂಡ್, ಸಣ್ಣ ಸಾಲ ಕೊಡೋ ಒಂದು ಕಂಪನೀದು. ಮೂರು ಲಕ್ಷ, 13 ಪರ್ಸೆಂಟ್, ಎರಡು ವರ್ಷ. ಎಫ್‌ಡಿಗಿಂತ 6 ಪರ್ಸೆಂಟ್ ಜಾಸ್ತಿ, ಅಂದ್ರೆ ವರ್ಷಕ್ಕೆ 18,000, ಎರಡು ವರ್ಷಕ್ಕೆ 36,000. ಭಾವ ನಿಜವಾಗಿ ಗೆಲ್ಲೋದು ಇಷ್ಟೇ. ಕಂಪನಿ ಶುರುವಲ್ಲೇ ಕೈಯೆತ್ತಿದ್ರೆ ಏನು ಕಳ್ಕೊಳ್ತಾರೆ? ನೂರಕ್ಕೆ 30 ವಾಪಸ್ ಬರುತ್ತೆ ಅಂತ ನಾನು ಅಂದಾಜು ಇಟ್ಕೊಂಡೆ, ಅಂದ್ರೆ 2,10,000 ಹೋಯ್ತು, ಎಫ್‌ಡಿಯಲ್ಲಿ ಬರ್ತಿದ್ದ 42,000 ಕೂಡ ಹೋಯ್ತು, ಒಟ್ಟು 2,52,000. ಅದನ್ನ 36,000ದಿಂದ ಭಾಗಿಸಿದ್ರೆ ಸರಿಯಾಗಿ ಏಳು. ಏಳು ಜನ ಇಂಥ ಏಳು ಕಂಪನಿಯಲ್ಲಿ ಹಾಕಿ ಗೆದ್ದ ಹೆಚ್ಚಿನ ಬಡ್ಡಿ ಎಲ್ಲಾ ಸೇರಿಸಿದ್ರೆ ಎಂಟನೆಯೋನು ಕಳ್ಕೊಂಡಿದ್ದು ತುಂಬುತ್ತೆ. ಎಂಟರಲ್ಲಿ ಒಂದಕ್ಕಿಂತ ಜಾಸ್ತಿ ಮುಳುಗೋ ಹಂಗಿದ್ರೆ ಈ 13 ಎಫ್‌ಡಿಯ 7ಕ್ಕಿಂತ ಕಮ್ಮಿ. ಮತ್ತೆ ಭಾವ ಹಾಕ್ತಿರೋದು ಎಂಟು ಕಂಪನಿಯಲ್ಲಲ್ಲ, ಒಂದರಲ್ಲಿ.

ಚೀಟಿ ನಡೆಸೋರಿಗೆ ಇದು ಬೇಗ ಅರ್ಥ ಆಗುತ್ತೆ. ಮೊದಲನೇ ತಿಂಗಳೇ ಎಲ್ಲರಿಗಿಂತ ಜಾಸ್ತಿ ಬಿಟ್ಟು ಚೀಟಿ ಎತ್ತೋನ ಮೇಲೆ ಉಳಿದೋರದ್ದೆಲ್ಲಾ ಕಣ್ಣಿರುತ್ತೆ, ಅವನಿಗೆ ದುಡ್ಡು ಬೇರೆ ಕಡೆ ಸಿಕ್ತಿಲ್ಲ ಅಂತ ಎಲ್ಲರಿಗೂ ಗೊತ್ತು. ಬ್ಯಾಂಕಿಂದ 10-11ಕ್ಕೆ ಸಿಗೋ ಹಂಗಿದ್ರೆ ಯಾವ ಕಂಪನೀನೂ ಭಾವನ ಹತ್ರ 13ಕ್ಕೆ ಬರಲ್ಲ. ಸಣ್ಣ ಕಂಪನಿ, ಹೊಸ ಕಂಪನಿ ಅನ್ನೋದೇ ಕಾರಣ ಆಗಿರಬಹುದು, ಅದು ತಪ್ಪಲ್ಲ, ಆದ್ರೆ ಕಾರಣ ಏನು ಅಂತ ಕಾಗದದಲ್ಲಿ ಹುಡುಕ್ಬೇಕು.

ಹುಡುಕೋ ಕ್ರಮ ಹಿಂಗೆ. ಮೊದ್ಲು ಮಾರ್ತಿರೋ ಪ್ಲಾಟ್‌ಫಾರ್ಮು ಸೆಬಿಯಲ್ಲಿ ನೋಂದಾಯಿಸಿದ ಆನ್‌ಲೈನ್ ಬಾಂಡ್ ಪ್ಲಾಟ್‌ಫಾರ್ಮಾ, ಬಾಂಡ್ ಷೇರುಪೇಟೆಯಲ್ಲಿ ಲಿಸ್ಟ್ ಆಗಿದ್ಯಾ ಅಂತ ಬಾಂಡಿನ ಗುರುತಿನ ಐಎಸ್‌ಐಎನ್ ನಂಬರ್ ಹಾಕಿ ನೋಡಿ. ಲಿಸ್ಟ್ ಆಗದ ಬಾಂಡನ್ನ ಪ್ರೈವೇಟ್ ಪ್ಲೇಸ್‌ಮೆಂಟ್, ಅಂದ್ರೆ ಆಯ್ದ ಕೆಲವರಿಗೆ ಮಾತ್ರ ಮಾರೋದು, ಅಂತ ವರ್ಷಕ್ಕೆ 200 ಜನಕ್ಕೆ ಮೀರಿ ಕೊಡೋ ಹಂಗಿಲ್ಲ ಅಂತ ಕಂಪನಿ ಕಾಯ್ದೆ ಇದೆ. ಹಂಗಿರುವಾಗ ನಿಮ್ಮ ಮೊಬೈಲಿಗೆ ಜಾಹೀರಾತಲ್ಲಿ ಅಂಥದ್ದು ಬಂತು ಅಂದ್ರೆ ಅಲ್ಲಿಗೇ ಬಿಟ್ಬಿಡಿ, ಮುಂದಿನ ಲೆಕ್ಕವೇ ಬೇಡ.

ಆಮೇಲೆ ರೇಟಿಂಗ್, ಕಂಪನಿಯ ಸಾಲ ತೀರಿಸೋ ಶಕ್ತಿಗೆ ಏಜೆನ್ಸಿ ಕೊಡೋ ದರ್ಜೆ. ಭಾವನ ಬಾಂಡ್ ಟ್ರಿಪಲ್ ಬಿ ಮೈನಸ್, ಹೂಡಿಕೆಗೆ ಯೋಗ್ಯ ಅನ್ನೋ ಮೆಟ್ಟಿಲಲ್ಲಿ ಕಟ್ಟಕಡೇದು, ಒಂದು ಮೆಟ್ಟಿಲು ಜಾರಿದ್ರೆ ಹೊರಗೆ. ಅಕ್ಷರ ಮಾತ್ರ ನೋಡಿ ನಿಲ್ಲಿಸಬೇಡಿ. ಐಎಲ್ ಆ್ಯಂಡ್ ಎಫ್ಎಸ್ ಅನ್ನೋ ದೊಡ್ಡ ಮೂಲಸೌಕರ್ಯ ಹಣಕಾಸು ಕಂಪನಿ 2018ರ ಆಗಸ್ಟ್ ಹೊತ್ತಿಗೂ ಟ್ರಿಪಲ್ ಎ ಆಸುಪಾಸಲ್ಲಿತ್ತು, ಸೆಪ್ಟೆಂಬರ್ ಮುಗಿಯೋದ್ರೊಳಗೆ ಡಿಗೆ, ಅಂದ್ರೆ ಸಾಲ ಕಟ್ಟೋದು ತಪ್ಪಿಸಿದೋರ ಮೆಟ್ಟಿಲಿಗೆ ಬಿತ್ತು. ಅಕ್ಷರಕ್ಕಿಂತ ಅದರ ಹಿಂದಿರೋ ವಿವರಣೆ ಮುಖ್ಯ. ರೇಟಿಂಗ್ ಏಜೆನ್ಸಿ ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿದ್ರೆ ಐದಾರು ಪುಟದ ರೇಟಿಂಗ್ ರ‍್ಯಾಷನೇಲ್ ಫ್ರೀಯಾಗಿ ಸಿಗುತ್ತೆ.

ಭಾವನೂ ನಾನೂ ಒಂದು ಭಾನುವಾರ ಕೂತು ಅದನ್ನ ಓದಿದ್ವಿ. ಮೂರು ಕಡೆ ಪೆನ್ಸಿಲ್ ಗೀಟು ಹಾಕಿದ್ವಿ.

ಒಂದು, ಎನ್‌ಪಿಎ 3.2% ಅಂತ ಇತ್ತು, ಹೋದ ವರ್ಷ 4 ದಾಟಿತ್ತು. ಸುಧಾರಿಸಿದೆ ಅಂತ ಭಾವ ಖುಷಿ ಪಟ್ರು. ಎರಡು ಪ್ಯಾರಾ ಕೆಳಗೆ ಆ ವರ್ಷ ಕಂಪನಿ ಕೊಟ್ಟ ಒಟ್ಟು ಸಾಲದ 6% ಆಗೋಷ್ಟು ರೈಟ್ ಆಫ್ ಮಾಡಿದಾರೆ ಅಂತ ಇತ್ತು. ಸತ್ತ ಮರ ಕಡಿದು ಹಾಕಿ ಉಳಿದ ತೋಟ ತೋರಿಸಿದಂಗೆ. ಎರಡನ್ನೂ ಕೂಡಿಸಿ ನೋಡ್ಬೇಕು, 9ರ ಮೇಲೆ.

ಎರಡು, ಸೆಕ್ಯೂರ್ಡ್ ಅನ್ನೋ ಪದ. ಯಾವುದರ ಮೇಲೆ ಸೆಕ್ಯೂರ್ಡ್? ಕಂಪನಿ ಕೊಟ್ಟ ಸಾಲದಿಂದ ಬರಬೇಕಾದ ಕಂತುಗಳ ಮೇಲೆ, 1.1 ಪಟ್ಟು. ಆ ಸಾಲಗಳು ಏನು? ಸ್ವಸಹಾಯ ಗುಂಪಿನ ಹೆಣ್ಮಕ್ಕಳಿಗೆ ಅಡಮಾನ ಇಲ್ಲದೆ ಕೊಟ್ಟಿದ್ದು. ಅಂದ್ರೆ ಭಾವನ ಅಡಮಾನ ಅಂತ ಇರೋದು ಜಮೀನಲ್ಲ, ಚಿನ್ನ ಅಲ್ಲ, ಅಡಮಾನವಿಲ್ಲದ ಸಾಲ. ಕಂಪನಿ ಮುಳುಗೋದು ಆ ಕಂತುಗಳು ಬರದೇ ಇದ್ದಾಗ್ಲೇ, ಅಡಮಾನದ ಬೆಲೆ ಇಳಿಯೋದೂ ಆವಾಗ್ಲೇ. ನೂರಕ್ಕೆ ನೂರ ಹತ್ತು ಇದೆ ಅಂತಾರೆ, ವಸೂಲಿ 20% ಇಳಿದ್ರೆ 88 ಆಗುತ್ತೆ.

ಮೂರು, ಇದು ನನಗೂ ಹೊಸದು. ಕಂಪನಿ ತನ್ನ ಬ್ಯಾಂಕುಗಳಿಗೆ ಕೊಟ್ಟ ಷರತ್ತುಗಳಲ್ಲಿ ಕೆಲವನ್ನ ಮುರಿದಿದೆ, ಕೊವೆನೆಂಟ್ ಬ್ರೀಚ್ ಆಗಿದೆ, ಬ್ಯಾಂಕುಗಳಿಂದ ವಿನಾಯಿತಿ ಪತ್ರ ಬರೋದು ಬಾಕಿ ಇದೆ ಅಂತ ಒಂದು ಸಾಲು. ಎನ್‌ಪಿಎ ಇಂತಿಷ್ಟು ದಾಟಿದ್ರೆ ನಮ್ಮ ಸಾಲ ಪೂರ್ತಿ ಈಗ್ಲೇ ಕಟ್ಟು ಅನ್ನೋ ಹಕ್ಕು ಆ ಷರತ್ತಲ್ಲಿರುತ್ತೆ. ಕಂತು ಸರಿಯಾಗಿ ಕಟ್ತಿರೋ ಕಂಪನೀನೂ, ಎರಡು ಬ್ಯಾಂಕು ಒಟ್ಟಿಗೆ ಆ ಹಕ್ಕು ಚಲಾಯಿಸಿದ್ರೆ ಒಂದು ವಾರದಲ್ಲಿ ಬರಿದಾಗಬಹುದು. 13 ಪರ್ಸೆಂಟಿನ ನಿಜವಾದ ಕಾರಣ ಅಲ್ಲಿತ್ತು ಅಂತ ನನ್ನ ಅಭಿಪ್ರಾಯ. ಆ್ಯಪಲ್ಲಿ ಅದರ ಸುಳಿವೂ ಇರ್ಲಿಲ್ಲ.

ಭಾವ ಪ್ಲಾಟ್‌ಫಾರ್ಮಿನ ಹುಡುಗನಿಗೆ ಫೋನ್ ಹಚ್ಚಿ ಕೇಳಿದ್ರು, "ನೋಡಪ್ಪ, ಬ್ಯಾಂಕಿನೋರು ವಿನಾಯಿತಿ ಕೊಟ್ರಾ ಇಲ್ವಾ, ಕಾಗದ ಇದ್ರೆ ಕಳ್ಸು." "ಸರ್, ಕಂಪನಿ ಇದುವರೆಗೂ ಒಂದೂ ಪೇಮೆಂಟ್ ತಪ್ಪಿಸಿಲ್ಲ" ಅಂದ ಅವನು, ಎರಡು ಸಲ ಅದನ್ನೇ ಅಂದ. ತಪ್ಪಿಸಿಲ್ಲ ಅನ್ನೋದು ನಿಜಾನೇ. ಬಾಂಡಲ್ಲಿ 90 ದಿನದ ರಿಯಾಯಿತಿ ಇಲ್ಲ, ಒಂದು ದಿನ ತಡ ಆದ್ರೂ ಒಂದು ರೂಪಾಯಿ ಕಮ್ಮಿ ಕೊಟ್ರೂ ರೇಟಿಂಗ್ ಏಜೆನ್ಸಿ ಡಿ ಅಂತ ಹಾಕುತ್ತೆ. ಅದರರ್ಥ ಕೊನೇ ದಿನದವರೆಗೂ ದಾಖಲೆ ಸ್ವಚ್ಛವಾಗೇ ಕಾಣುತ್ತೆ, ಸ್ವಲ್ಪ ಸ್ವಲ್ಪ ಕೆಡೋದು ಹೂಡಿಕೆದಾರನ ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ರೈಟ್ ಆಫ್, ಕೊವೆನೆಂಟ್ ಥರದ ಸಾಲುಗಳನ್ನ ಹುಡುಕಿ ಓದ್ಬೇಕಾಗೋದು.

ಕೊಂಡ್ಮೇಲೂ ಇದೇ ಕೆಲಸ. ರ‍್ಯಾಷನೇಲ್ ಹೊಸದು ಬಂದಾಗೆಲ್ಲಾ ಓದಿ. ಹೆಸರಿನ ಪಕ್ಕ ಇಶ್ಯೂಯರ್ ನಾಟ್ ಕೋಆಪರೇಟಿಂಗ್ ಅಂತ ಬಿತ್ತು ಅಂದ್ರೆ ಕಂಪನಿ ಏಜೆನ್ಸಿಗೆ ಲೆಕ್ಕ ಕೊಡೋದು ನಿಲ್ಲಿಸಿದೆ ಅಂತ ಅರ್ಥ. ಆಗ ಮಾರೋಕೆ ನೋಡಿ, ಆದ್ರೆ ಇಂಥ ಬಾಂಡಿಗೆ ಕೊಳ್ಳೋರು ಸಿಗೋದು ಅಪರೂಪ. ಲಿಸ್ಟ್ ಆಗಿದೆ ಅಂದ ಮಾತ್ರಕ್ಕೆ ಬೇಕಾದಾಗ ಮಾರಬಹುದು ಅಂತಲ್ಲ. ಐಎಸ್‌ಐಎನ್ ಹಾಕಿ ಹೋದ ತಿಂಗಳು ಎಷ್ಟು ದಿನ ವ್ಯಾಪಾರ ಆಗಿದೆ ಅಂತ ಕೊಳ್ಳೋ ಮುಂಚೇನೇ ನೋಡಿ. ಭಾವನ ಬಾಂಡಿಗೆ ಆ ತಿಂಗಳು ನಾವು ಎಣಿಸಿದ್ದು ಎರಡೇ ದಿನ.

ಭಾವ ಎರಡೂವರೆ ಲಕ್ಷ ಬ್ಯಾಂಕಿನ ಎಫ್‌ಡಿಗೆ ಹಾಕಿದ್ರು, ಐವತ್ತು ಸಾವಿರ ಮಳೆಗಾಲದ ಔಷಧಿ, ಮರ ಹತ್ತೋ ಕೊನೆಗಾರರ ಖರ್ಚಿಗೆ ಅಂತ ಎಸ್‌ಬಿಯಲ್ಲೇ ಬಿಟ್ರು. ಆ ಕಂಪನಿಯ ಮುಂದಿನ ರ‍್ಯಾಷನೇಲ್ ಬಂದಾಗ ವಿನಾಯಿತಿ ಪತ್ರದ ಸಾಲು ಏನಾಗಿದೆ ಅಂತ ನೋಡೋಣ, ಬಂದಿದ್ರೆ ಒಂದು ಹತ್ತು ಸಾವಿರದ್ದು ತಗೊಂಡು ನೋಡ್ತೀನಿ ಅಂದಿದಾರೆ. ಪ್ರಿಂಟ್ ತೆಗೆದ ಹಳೇ ರ‍್ಯಾಷನೇಲು ಪೆನ್ಸಿಲ್ ಗೀಟಿನ ಸಮೇತ ಅವರ ಮನೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದೆ.